ಎರಡು 29ನೇ ತಾರೀಖಿನ ಲೆಕ್ಕ

ಹಿರ್ಯಾರ ವಯಸ್ಸು ಕೇಳಿದ್ರ ನಮ್ಮ ಕಡೆ ಎರಡು ಉತ್ತರ ಬರ್ತಾವ. "ಎಂಬತ್ತು ತುಂಬ್ಯಾವ" ಅಂತಾರ ಒಬ್ಬರು, "ಎಂಬತ್ತೊಂದು ನಡದದ" ಅಂತಾರ ಇನ್ನೊಬ್ಬರು. ಎರಡೂ ಖರೇನ. ತುಂಬಿದ್ದು ಬ್ಯಾರೆ, ನಡದದ್ದು ಬ್ಯಾರೆ. ಇದನ್ನ ಮರತು ಬರೇ ಇಸವಿ ಇಸವಿ ಕಳದ್ರ ದೊಡ್ಡವರ ಚರಿತ್ರೆಯೊಳಗೂ ಒಂದು ವರ್ಷ ಹೆಚ್ಚಾಗಿ ಬಿಡ್ತದ. ಒಂದೇ ವರ್ಷ ಹುಟ್ಟಿದ ಇಬ್ಬರನ್ನ ತೊಗೊಂಡು ನೋಡೋಣ್ರಿ.

ಕುವೆಂಪು ಅವರು ಹುಟ್ಟಿದ್ದು 1904ರ ಡಿಸೆಂಬರ್ 29. ಭರತನಾಟ್ಯದ ರುಕ್ಮಿಣಿದೇವಿ ಅರುಂಡೇಲ್ ಹುಟ್ಟಿದ್ದೂ 1904ರಾಗ, ಆದ್ರ ಫೆಬ್ರವರಿ 29. ಇಬ್ಬರದೂ 29ನೇ ತಾರೀಖು, ನಡುವ ಹತ್ತು ತಿಂಗಳು.

ಕುವೆಂಪು ತೀರಿಕೊಂಡದ್ದು 1994ರ ನವೆಂಬರ್ 11ಕ್ಕ. 1994ರಾಗ 1904 ಕಳದ್ರ 90 ಬರ್ತದ. ಆದ್ರ ಆ ವರ್ಷದ ಡಿಸೆಂಬರ್ 29 ಇನ್ನೂ ಬಂದೇ ಇರಲಿಲ್ಲ. ತುಂಬಿದ್ದು 89, ಅದರ ಮ್ಯಾಲೆ ಹತ್ತು ತಿಂಗಳು ಹದಿಮೂರು ದಿನ. ತೊಂಬತ್ತನೇದು ನಡದಿತ್ತು, ತುಂಬಿರಲಿಲ್ಲ. ವರ್ಷದ ಕೊನೀಗೆ ಹುಟ್ಟಿದವರಿಗೆ ಹಿಂಗ ಆಗೋದು ಯಾಕಂದ್ರ, 1904 ಅನ್ನೋ ಇಸವಿಯೊಳಗ ಅವರು ಇದ್ದದ್ದು ಬರೇ ಮೂರು ದಿನ: 29, 30, 31. ಕಳಿಯೋ ಲೆಕ್ಕದಾಗ ಮಾತ್ರ ಇಡೀ ವರ್ಷ ಬದುಕಿದಂಗ ಹಿಡೀತೀವಿ.

ಶತಮಾನೋತ್ಸವದಾಗೂ ಇದೇ ತೊಡಕು. ಅವರಿಗೆ ನೂರು ತುಂಬೋದು 2004ರ ಡಿಸೆಂಬರ್ 29ಕ್ಕ. ನೂರನೇ ವರ್ಷ ನಡಿಯೋಕೆ ಸುರು ಆದದ್ದು 2003ರ ಡಿಸೆಂಬರ್ 29ಕ್ಕ. ಹಂಗಾಗಿ 2004ರ ಜೂನ್‌ನಾಗ ಕಾರ್ಯಕ್ರಮ ಮಾಡಿದವರು "ಜನ್ಮಶತಮಾನೋತ್ಸವ ವರ್ಷ" ಅಂತ ಬರದ್ರ ಸರಿ, "ನೂರು ತುಂಬಿತು" ಅಂತ ಬರದ್ರ ಆರು ತಿಂಗಳು ಮುಂಚೆ ಆತು.

ಈಗ ರುಕ್ಮಿಣಿದೇವಿಯವರ ಲೆಕ್ಕ. ಅವರು ತೀರಿಕೊಂಡದ್ದು 1986ರ ಫೆಬ್ರವರಿ 24ಕ್ಕ. ಕಳದ್ರ 82, ಆದ್ರ ಹುಟ್ಟಿದಬ್ಬ ಇನ್ನೂ ನಾಕೈದು ದಿನ ಮುಂದಿತ್ತು, ಹಿಂಗಾಗಿ ತುಂಬಿದ್ದು 81. ನಾಕೋ ಐದೋ ಅಂತ ಯಾಕಂತೀನಿ ಅಂದ್ರ, 1986ರಾಗ ಫೆಬ್ರವರಿ 29 ಇರಲೇ ಇಲ್ಲ. ಅಂಥಾ ವರ್ಷ ಕೆಲವರು 28ಕ್ಕ ಆರತಿ ಮಾಡ್ತಾರ, ಕೆಲವರು ಮಾರ್ಚ್ 1ಕ್ಕ. 28ನೇ ತಾರೀಖು ಪೂರ್ತಿ ಮುಗದ ಮ್ಯಾಲೇ ವರ್ಷ ತುಂಬ್ತದ ಅನ್ನೋ ಲೆಕ್ಕಕ್ಕ ಮಾರ್ಚ್ 1 ಹೊಂದ್ತದ. 28 ಅನ್ನೋರದು ಹುಟ್ಟಿದ ತಿಂಗಳು ಬಿಡಬಾರದು ಅನ್ನೋ ಮಾತು. ಯಾವುದರ ಹಿಡೀರಿ, ಪ್ರತಿ ಸಲ ಅದನ್ನೇ ಹಿಡೀರಿ. ತಿಥಿ ಪ್ರಕಾರ ಮಾಡೋರಿಗೆ ಈ ಚಿಂತಿ ಇಲ್ಲ, ತಿಥಿ ವರ್ಷಾ ಬರ್ತದ.

ಆ 81 ವರ್ಷದಾಗ ಖರೇ ಫೆಬ್ರವರಿ 29 ಅವರಿಗೆ ಬಂದದ್ದು ಇಪ್ಪತ್ತೇ ಸಲ, 1908ರಿಂದ 1984ರ ತನಕ. ನೂರು ತುಂಬಿದ 2004ರಾಗ ಆ ದಿನಾನೂ ಸಿಕ್ಕಿತು. ಎಲ್ಲಾರಿಗೂ ಹಂಗ ಸಿಗೂದಿಲ್ಲ. ನಾಕರಿಂದ ಭಾಗಾಗೋ ವರ್ಷಕ್ಕೆಲ್ಲಾ ಫೆಬ್ರವರಿ 29 ಇರ್ತದ ಅಂತ ತಿಳೀತೀವಿ, ಆದ್ರ ಎರಡು ಸೊನ್ನಿ ಕಡೀಗಿರೋ ವರ್ಷ ನಾನೂರರಿಂದ ಭಾಗಾಗಬೇಕು. 2000ಕ್ಕ ಇತ್ತು, 1900ಕ್ಕ ಇರಲಿಲ್ಲ, 2100ಕ್ಕೂ ಇರೂದಿಲ್ಲ. 2000ರ ಫೆಬ್ರವರಿ 29ಕ್ಕ ಹುಟ್ಟಿದ ಕೂಸಿಗೆ ನೂರು ತುಂಬೋ ವರ್ಷ ಹುಟ್ಟಿದ ತಾರೀಖೇ ಸಿಗೂದಿಲ್ಲ.

ಮೊರಾರ್ಜಿ ದೇಸಾಯಿ ಹುಟ್ಟಿದ್ದು 1896ರ ಫೆಬ್ರವರಿ 29. 1900ರಾಗ ಆ ದಿನ ಇಲ್ಲದ್ದಕ್ಕ, ಅವರು ಎಂಟು ವರ್ಷ ಕಾಯಬೇಕಾತು. ಅವರ ಮೊದಲನೇ ಖರೇ ಹುಟ್ಟಿದಬ್ಬ ಬಂದದ್ದು 1904ರ ಫೆಬ್ರವರಿ 29, ಅಂದ್ರ ರುಕ್ಮಿಣಿದೇವಿ ಹುಟ್ಟಿದ ದಿನಾನ! ಮುಂದ 1977ರಾಗ ಪ್ರಧಾನಿಯಾಗಿ ಅವರನ್ನೇ ರಾಷ್ಟ್ರಪತಿ ಆಗ್ರಿ ಅಂತ ಕೇಳಿದ್ರು, ಅವರು ಒಲ್ಲೆ ಅಂದ್ರು.

ಸತ್ತ ದಿನದ ಲೆಕ್ಕ ಇನ್ನೂ ಸೂಕ್ಷ್ಮ. ತೀರಿಕೊಂಡ ದಿನ ಪುಣ್ಯತಿಥಿ ಒಂದು ಅಲ್ಲ. ವರ್ಷ ತುಂಬಿದ ಮ್ಯಾಲೇ ಒಂದನೇದು. ಕುವೆಂಪು ಅವರ ಮೊದಲನೇದು 1995ರಾಗ, ಇಪ್ಪತ್ತೈದನೇದು 2019ರಾಗ. ಜಯಂತಿಗೆ ಮಾತ್ರ ಕೆಲವರು ಹುಟ್ಟಿದ ದಿನಾನೂ ಒಂದು ಅಂತ ಎಣಿಸ್ತಾರ, ಅದಕ್ಕ ಒಂದೇ ದಿನದ ಎರಡು ಪತ್ರಿಕಿಯೊಳಗ ಎರಡು ಸಂಖ್ಯೆ ಕಾಣ್ತದ. ಯಾವುದು ಸರಿ ಅಂತ ಜಗಳಾಡೋ ಬದಲು, ಪಕ್ಕದಾಗ ಹುಟ್ಟಿದ ಇಸವಿ ಬರದಾರೋ ಇಲ್ಲೋ ನೋಡ್ರಿ.

ಮನಿಯೊಳಗ ಆಮಂತ್ರಣ ಬರಿಯೋ ಮುಂದ ಮೊದಲು ಇಸವಿ ಕಳೀರಿ. ಆಮ್ಯಾಲೆ ಈ ವರ್ಷದ ತಿಂಗಳು, ತಾರೀಖು ದಾಟ್ಯಾವೇನು ನೋಡ್ರಿ. ದಾಟಿಲ್ಲಾಂದ್ರ ಒಂದು ಕಡಿಮಿ ಮಾಡ್ರಿ. ಕಡೀಗೆ "ತುಂಬಿದ" ಅಥವಾ "ನಡದ", ಎರಡರಾಗ ಒಂದು ಶಬ್ದ ಬರೀರಿ. 2029ಕ್ಕ ಈ ಇಬ್ಬರಿಗೂ 125 ತುಂಬ್ತಾವ. ಕುವೆಂಪು ಅವರಿಗೆ ಡಿಸೆಂಬರ್ 29ರ ತನಕ ಕಾಯಬೇಕು. ರುಕ್ಮಿಣಿದೇವಿಯವರಿಗೆ ಆ ವರ್ಷ 29 ಇಲ್ಲ, 28ಕ್ಕೋ ಮಾರ್ಚ್ 1ಕ್ಕೋ ಮಾಡಬೇಕು.