ನಗದು ಪದ್ಧತಿ ಮತ್ತು ಸಂಚಯ ಪದ್ಧತಿಯ ಲೆಕ್ಕ

ವ್ಯಾಪಾರದ ಆದಾಯ, ಖರ್ಚುಗಳನ್ನು ಯಾವ ತಾರೀಕಿಗೆ ಬರೆಯಬೇಕು ಎಂಬಲ್ಲಿ ಕವಲೊಡೆಯುವ ಎರಡು ಲೆಕ್ಕದ ಕ್ರಮಗಳು. ದುಡ್ಡು ಕೈಗೆ ಬಂದಾಗ, ಕೈಬಿಟ್ಟಾಗ ಬರೆಯುವುದು ನಗದು ಪದ್ಧತಿ. ದುಡ್ಡು ಎಂದಾದರೂ ಬರಲಿ, ಮಾರಾಟವಾದ ದಿನವೇ ಆದಾಯವನ್ನೂ ಹೊಣೆ ಬಿದ್ದ ದಿನವೇ ಖರ್ಚನ್ನೂ ಬರೆಯುವುದು ಸಂಚಯ ಪದ್ಧತಿ; ತೆರಿಗೆಯವರ ಮಾತಿನಲ್ಲಿ ಮರ್ಕೆಂಟೈಲ್.

ಧರ್ಮಸ್ಥಳ, ಉಜಿರೆ, ಬೆಳ್ತಂಗಡಿಯ ಸುತ್ತ ಇದರ ವ್ಯತ್ಯಾಸ ಅಡಿಕೆ ವ್ಯಾಪಾರದಲ್ಲಿ ಚೆನ್ನಾಗಿ ಕಾಣುತ್ತದೆ. ಉದಾಹರಣೆಗೆ, ವ್ಯಾಪಾರಿಯೊಬ್ಬರು ಫೆಬ್ರವರಿಯಲ್ಲಿ 10 ಕ್ವಿಂಟಾಲ್ ಚಾಲಿ ಅಡಿಕೆ ಕೊಂಡು ಬೆಳೆಗಾರರಿಗೆ 4,00,000 ರೂಪಾಯಿ ಕೊಟ್ಟರು. ಮಾರ್ಚ್‌ನಲ್ಲಿ ಅಷ್ಟನ್ನೂ ಉತ್ತರ ಭಾರತದ ಖರೀದಿದಾರರಿಗೆ 4,40,000ಕ್ಕೆ ಉದ್ರಿ ಮಾರಿದರು. ಹಣ ಬಂದದ್ದು ಮೇ ತಿಂಗಳಲ್ಲಿ. ಬರೀ ನಗದು ನೋಡಿದರೆ ಮಾರ್ಚ್ 31ಕ್ಕೆ ನಾಲ್ಕು ಲಕ್ಷ ನಷ್ಟ, ಮರುವರ್ಷ 4,40,000 ಲಾಭ. ಎರಡೂ ಸುಳ್ಳು. ಸಂಚಯ ಪದ್ಧತಿಯಲ್ಲಿ ಮೊದಲ ವರ್ಷವೇ 40,000 ಲಾಭ. ಬರಬೇಕಾದ ಹಣ ಖರೀದಿದಾರರ ಹೆಸರಿನಲ್ಲಿ ಬಾಕಿಯಾಗಿ ನಿಲ್ಲುತ್ತದೆ. ಉದ್ರಿಯೂ ದಾಸ್ತಾನೂ ಇರುವ ವ್ಯಾಪಾರಕ್ಕೆ ಇದೇ ಸರಿ. ಫೀಸು ಕೈಗೆ ಬಂದ ಮೇಲಷ್ಟೇ ಲೆಕ್ಕಕ್ಕೆ ಹಿಡಿಯುವ ವಕೀಲರು, ವೈದ್ಯರಿಗೆ ನಗದು ಪದ್ಧತಿ ಸಾಕು. ಬಾರದ ಫೀಸಿಗೆ ತೆರಿಗೆ ಕಟ್ಟುವ ಪೇಚಾಟವೂ ಅವರಿಗಿಲ್ಲ.

ಬಾಕಿಯನ್ನು ಹೀಗೆ ಹೆಸರಿನಲ್ಲಿ ನಿಲ್ಲಿಸಲು ನೆರವಾಗುವ ಜಮಾ–ಖರ್ಚಿನ ಇಬ್ಬದಿ ಲೆಕ್ಕವನ್ನು ಇಟಲಿಯ ಲೂಕಾ ಪಚೋಲಿ 1494ರಲ್ಲಿ ಅಚ್ಚು ಹಾಕಿಸಿದ. ಭಾರತದಲ್ಲಿ ಕಂಪನಿಗಳಿಗೆ ಸಂಚಯ ಪದ್ಧತಿ ಕಡ್ಡಾಯವಾದದ್ದು ಬಹಳ ತಡವಾಗಿ, ಕಂಪನಿ ಕಾಯ್ದೆಯ 1988ರ ತಿದ್ದುಪಡಿಯಿಂದ. ಉಳಿದವರಿಗೆ ಆಯ್ಕೆ ಉಳಿಯಿತು. ಆದರೆ 1961ರ ಆದಾಯ ತೆರಿಗೆ ಕಾಯ್ದೆಯ 145ನೇ ಕಲಮಿನ ತಿದ್ದುಪಡಿ, 1997–98ರ ತೆರಿಗೆ ನಿರ್ಧಾರ ವರ್ಷದಿಂದ, ಅರ್ಧ ಅದು ಅರ್ಧ ಇದು ಎಂಬ ಬೆರಕೆ ಲೆಕ್ಕವನ್ನು ನಿಲ್ಲಿಸಿತು. ಅದಕ್ಕೆ ಮುಂಚೆ ಆದಾಯವನ್ನು ನಗದಿನಲ್ಲೂ ಖರ್ಚನ್ನು ಸಂಚಯದಲ್ಲೂ ತೋರಿಸಿ ತೆರಿಗೆ ಮುಂದೂಡಲು ಅವಕಾಶವಿತ್ತು.

ಸಂಚಯ ಪದ್ಧತಿಗೂ ಒಂದು ದೌರ್ಬಲ್ಯವಿದೆ: ಪುಸ್ತಕದ ಲಾಭ ಪೆಟ್ಟಿಗೆಯಲ್ಲಿ ಇರಬೇಕೆಂದಿಲ್ಲ. ಮೇಲಿನ ವ್ಯಾಪಾರಿ ಏಪ್ರಿಲ್‌ನಲ್ಲಿ ಹೊಸ ಅಡಿಕೆ ಕೊಳ್ಳಲು ಹೊರಟರೆ ಲಾಭವಿದ್ದೂ ಕೈ ಖಾಲಿ. ಉದ್ರಿ ಬಾಕಿ ಮಾರಾಟಕ್ಕಿಂತ ವೇಗವಾಗಿ ಬೆಳೆಯುತ್ತಿದ್ದರೆ ಹಣ ಸಿಕ್ಕಿಬೀಳುತ್ತಿದೆ ಎಂದೇ ಲೆಕ್ಕ. ಬಾರದ ಹಣವನ್ನು ಲಾಭವೆಂದು ನಂಬುವ ತಪ್ಪನ್ನು ಬ್ಯಾಂಕುಗಳು ದೊಡ್ಡ ಪ್ರಮಾಣದಲ್ಲಿ ಮಾಡಿದ್ದವು. ಮರುಪಾವತಿಯಾಗದ ಸಾಲದ ಬಡ್ಡಿಯನ್ನೂ ಆದಾಯವೆಂದು ಬರೆದುಕೊಳ್ಳುತ್ತಿದ್ದವು. 1991ರ ನರಸಿಂಹಂ ಸಮಿತಿಯ ವರದಿಯ ಬಳಿಕ ರಿಸರ್ವ್ ಬ್ಯಾಂಕ್ 1992ರಲ್ಲಿ ಅಂಥ ಸಾಲಗಳ ಬಡ್ಡಿಯನ್ನು ಕೈಗೆ ಬಂದಾಗ ಮಾತ್ರ ಬರೆಯಬೇಕೆಂದು ವಿಧಿಸಿತು. ಹೀಗೆ ಸಂಚಯ ಪದ್ಧತಿಯ ದೊಡ್ಡ ಸಂಸ್ಥೆಗಳೊಳಗೇ, ವಸೂಲಿ ಅನುಮಾನವಾದ ಜಾಗದಲ್ಲಿ, ನಗದು ಪದ್ಧತಿ ಮರಳಿ ಬಂತು. ಸಾಲ ಎಷ್ಟು ದಿನ ಬಾಕಿ ನಿಂತರೆ ಈ ನಿಯಮ ಹಿಡಿಯುತ್ತದೆ ಎಂಬ ಮಿತಿಯನ್ನು 2004ರಿಂದ ಸಾಮಾನ್ಯವಾಗಿ 90 ದಿನಕ್ಕೆ ಇಳಿಸಲಾಗಿದೆ.