ಔದ್ಯೋಗಿಕ ನೈರ್ಮಲ್ಯ ಚಕ್ರ

ಔದ್ಯೋಗಿಕ ನೈರ್ಮಲ್ಯ ಚಕ್ರ ಎಂಬುದು ಕೆಲಸದ ಸ್ಥಳದಲ್ಲಿ ಕಾರ್ಮಿಕರ ಆರೋಗ್ಯವನ್ನು ಕೆಡಿಸಬಲ್ಲ ಅಪಾಯಗಳನ್ನು ಮುನ್ನರಿಯುವ, ಗುರುತಿಸುವ, ಮೌಲ್ಯಮಾಪನ ಮಾಡುವ ಮತ್ತು ನಿಯಂತ್ರಿಸುವ ನಾಲ್ಕು ಹಂತಗಳ ಕ್ರಮವಾಗಿದೆ. ನಾಲ್ಕನೆಯ ಹಂತ ಮುಗಿದ ಬಳಿಕ ಕೆಲಸದ ರೀತಿ ಬದಲಾಗಿರುವುದರಿಂದ ಮೊದಲ ಹಂತಕ್ಕೆ ಮರಳಬೇಕಾಗುತ್ತದೆ. ಆದ್ದರಿಂದಲೇ ಇದನ್ನು ಚಕ್ರ ಎನ್ನಲಾಗುತ್ತದೆ. ಈ ಲೇಖನದಲ್ಲಿ ಚರ್ಮ ಹದಮಾಡುವ ಕಾರ್ಖಾನೆಯಲ್ಲಿ (ಟ್ಯಾನರಿ) ಉತ್ಪತ್ತಿಯಾಗುವ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಉದಾಹರಣೆಯಾಗಿಟ್ಟುಕೊಂಡು ನಾಲ್ಕೂ ಹಂತಗಳನ್ನು ವಿವರಿಸಲಾಗಿದೆ.

## ಹಿನ್ನೆಲೆ

ಚರ್ಮ ಹದಮಾಡುವವರ ಕಾಯಿಲೆಗಳನ್ನು ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಜ್ಜೀನಿ 1700ರಲ್ಲಿ ಪ್ರಕಟಿಸಿದ ಕಸುಬುದಾರರ ರೋಗಗಳ ಕುರಿತ ಗ್ರಂಥದಲ್ಲಿಯೇ ಚರ್ಚಿಸಿದ್ದನು. ಆಧುನಿಕ ಔದ್ಯೋಗಿಕ ನೈರ್ಮಲ್ಯವು ಆರಂಭದಲ್ಲಿ ಗುರುತಿಸುವಿಕೆ, ಮೌಲ್ಯಮಾಪನ, ನಿಯಂತ್ರಣ ಎಂಬ ಮೂರು ಹಂತಗಳನ್ನಷ್ಟೇ ಹೇಳುತ್ತಿತ್ತು. ಮುನ್ನರಿವು ಎಂಬ ಹಂತ ನಂತರ ಸೇರಿತು. ಕಾರ್ಮಿಕರು ಅಪಾಯಕ್ಕೆ ಒಡ್ಡಿಕೊಂಡ ಮೇಲೆ ಅದನ್ನು ಹುಡುಕುವುದಕ್ಕಿಂತ, ಕಾರ್ಖಾನೆಯನ್ನು ಕಟ್ಟುವ ಅಥವಾ ಹೊಸ ವಿಧಾನವನ್ನು ಅಳವಡಿಸುವ ಮೊದಲೇ ಅದನ್ನು ಊಹಿಸಬೇಕೆಂಬುದು ಈ ಸೇರ್ಪಡೆಯ ಉದ್ದೇಶವಾಗಿದೆ.

ಭಾರತದಲ್ಲಿ ತಮಿಳುನಾಡಿನ ಆಂಬೂರು, ವಾಣಿಯಂಬಾಡಿ ಮತ್ತು ರಾಣಿಪೇಟೆ, ಉತ್ತರ ಪ್ರದೇಶದ ಕಾನ್ಪುರ ಹಾಗೂ ಪಶ್ಚಿಮ ಬಂಗಾಳದ ಕೋಲ್ಕತ್ತ ಈ ಉದ್ಯಮದ ಪ್ರಮುಖ ಕೇಂದ್ರಗಳಾಗಿವೆ. ಚೆನ್ನೈಯಲ್ಲಿರುವ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು 1948ರಲ್ಲಿ ಸ್ಥಾಪನೆಯಾಯಿತು.

## ಹದಮಾಡುವ ಕ್ರಮ

ಉಪ್ಪು ಹಾಕಿ ಕೆಡದಂತೆ ಇರಿಸಿದ ಹಸಿ ತೊಗಲನ್ನು ಮೊದಲು ನೀರಿನಲ್ಲಿ ನೆನೆಸಲಾಗುತ್ತದೆ. ಬಳಿಕ ಸುಣ್ಣ ಮತ್ತು ಸೋಡಿಯಂ ಸಲ್ಫೈಡ್ ಬೆರೆಸಿದ ದ್ರಾವಣದಲ್ಲಿ ಹಾಕಿ ಕೂದಲನ್ನು ಕರಗಿಸಲಾಗುತ್ತದೆ. ಈ ದ್ರಾವಣದ ಪಿಎಚ್ ಮೌಲ್ಯ ಸುಮಾರು 12 ಇರುತ್ತದೆ. ಮುಂದೆ ಅಮೋನಿಯಂ ಲವಣಗಳಿಂದ ಸುಣ್ಣವನ್ನು ತೆಗೆಯುವಾಗ ಅದು 8ರಿಂದ 9ರವರೆಗೆ ಇಳಿಯುತ್ತದೆ. ಆನಂತರ ಉಪ್ಪು ಮತ್ತು ಗಂಧಕಾಮ್ಲದ ನೀರಿನಲ್ಲಿ ಮುಳುಗಿಸಿದಾಗ ಸುಮಾರು 3ಕ್ಕೆ ತಲಪುತ್ತದೆ. ಹೀಗೆ ಆಮ್ಲೀಯವಾದ ತೊಗಲಿಗೆ ಕ್ರೋಮಿಯಂ ಸಲ್ಫೇಟ್ ಸೇರಿಸಿ ಹದಗೊಳಿಸಲಾಗುತ್ತದೆ. ಕೊನೆಯಲ್ಲಿ ಬಣ್ಣ, ಎಣ್ಣೆ, ಒಣಗಿಸುವಿಕೆ, ಉಜ್ಜುವಿಕೆ ಮತ್ತು ಮೇಲ್ಮೈ ಲೇಪನದ ಕೆಲಸಗಳು ನಡೆಯುತ್ತವೆ. ಕ್ಷಾರದಿಂದ ಆಮ್ಲದ ಕಡೆಗೆ ಸಾಗುವ ಈ ಪಯಣದಲ್ಲಿಯೇ ಮುಖ್ಯ ಅಪಾಯ ಅಡಗಿದೆ.

## ಮುನ್ನರಿವು

ಮುನ್ನರಿವಿನ ಹಂತದಲ್ಲಿ ಯಾವ ಉಪಕರಣವೂ ಬೇಕಿಲ್ಲ. ಬಳಸುವ ರಾಸಾಯನಿಕಗಳ ಪಟ್ಟಿ, ಕೆಲಸದ ಅನುಕ್ರಮ ಮತ್ತು ಚರಂಡಿಗಳ ನಕ್ಷೆ ಸಾಕು. ಸಲ್ಫೈಡ್ ಬೆರೆತ ದ್ರಾವಣಕ್ಕೆ ಆಮ್ಲ ಸೇರಿದರೆ ಏನಾಗುತ್ತದೆ ಎಂಬುದನ್ನು ಕೆಳಗಿನ ಸಮೀಕರಣ ತಿಳಿಸುತ್ತದೆ.

Na₂S + H₂SO₄ → H₂S + Na₂SO₄

ಪಿಎಚ್ 12ರಲ್ಲಿ ಸಲ್ಫೈಡ್ ಬಹುಮಟ್ಟಿಗೆ ನೀರಿನಲ್ಲಿಯೇ ಉಳಿಯುತ್ತದೆ. ಪಿಎಚ್ 7ರ ಸುಮಾರಿಗೆ ಅದರ ಅರ್ಧದಷ್ಟು ಅನಿಲವಾಗಿ ಹೊರಬೀಳಬಲ್ಲ ರೂಪಕ್ಕೆ ಬದಲಾಗಿರುತ್ತದೆ. ಪಿಎಚ್ 3ರಲ್ಲಿ ಹೆಚ್ಚುಕಡಿಮೆ ಎಲ್ಲವೂ ಆ ರೂಪದಲ್ಲಿರುತ್ತದೆ. ಆದ್ದರಿಂದ ಸುಣ್ಣ ತೆಗೆಯುವ ಮತ್ತು ಆಮ್ಲದಲ್ಲಿ ಮುಳುಗಿಸುವ ಹಂತಗಳಲ್ಲಿ ತೊಗಲಿನಲ್ಲಿ ಉಳಿದ ಸಲ್ಫೈಡ್ ಎಷ್ಟಿದೆ, ಸುಣ್ಣದ ನೀರು ಮತ್ತು ಆಮ್ಲದ ನೀರು ಒಂದೇ ಚರಂಡಿಯಲ್ಲಿ ಕೂಡುತ್ತವೆಯೇ ಎಂಬ ಎರಡು ಪ್ರಶ್ನೆಗಳು ಏಳುತ್ತವೆ.

ಪ್ರಮಾಣವನ್ನೂ ಕಾಗದದ ಮೇಲೆಯೇ ಅಂದಾಜಿಸಬಹುದು. 1,000 ಕೆ.ಜಿ. ತೊಗಲಿಗೆ ಶೇ. 60 ಶುದ್ಧತೆಯ 20 ಕೆ.ಜಿ. ಸೋಡಿಯಂ ಸಲ್ಫೈಡ್ ಬಳಸಲಾಗಿದೆ ಎಂದಿಟ್ಟುಕೊಂಡರೆ ಅದರಲ್ಲಿ 12 ಕೆ.ಜಿ. ಶುದ್ಧ ಸಲ್ಫೈಡ್ ಇರುತ್ತದೆ. ಅದು ಪೂರ್ತಿ ಅನಿಲವಾದರೆ ಸುಮಾರು 5.2 ಕೆ.ಜಿ. ಹೈಡ್ರೋಜನ್ ಸಲ್ಫೈಡ್ ದೊರೆಯುತ್ತದೆ. ಅದರ ನೂರರಲ್ಲಿ ಒಂದು ಪಾಲು, ಅಂದರೆ 52 ಗ್ರಾಂ ಮಾತ್ರ ಹೊರಬಂದರೂ 12 ಮೀಟರ್ ಉದ್ದ, 8 ಮೀಟರ್ ಅಗಲ, 4 ಮೀಟರ್ ಎತ್ತರದ ಮುಚ್ಚಿದ ಕೊಠಡಿಯ ಗಾಳಿಯಲ್ಲಿ ದಶಲಕ್ಷಕ್ಕೆ ಸುಮಾರು 100 ಭಾಗದಷ್ಟು (100 ಪಿಪಿಎಂ) ಅನಿಲ ತುಂಬುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯು ಇದೇ 100 ಪಿಪಿಎಂ ಮಟ್ಟವನ್ನು ಜೀವಕ್ಕೆ ತತ್‌ಕ್ಷಣದ ಅಪಾಯವೆಂದು ಪರಿಗಣಿಸಿದೆ.

## ಗುರುತಿಸುವಿಕೆ

ಊಹಿಸಿದ ಅಪಾಯವು ನಿಜವಾಗಿ ಎಲ್ಲಿ, ಯಾವಾಗ, ಯಾರಿಗೆ ಒದಗುತ್ತದೆ ಎಂಬುದನ್ನು ಕಾರ್ಖಾನೆಯೊಳಗೆ ನಡೆದು ನೋಡಿ ತಿಳಿಯುವುದು ಎರಡನೆಯ ಹಂತ. ಇದನ್ನು ಒಂದೇ ಭೇಟಿಯಲ್ಲಿ ಮುಗಿಸಲಾಗದು. ಡ್ರಮ್ಮು ತಿರುಗುತ್ತಿರುವಾಗ ಗಾಳಿ ಶುದ್ಧವಾಗಿಯೇ ಇದ್ದು, ಅದರ ಬಾಗಿಲು ತೆರೆದು ನೀರನ್ನು ಹೊರಬಿಡುವ ಕೆಲವೇ ನಿಮಿಷಗಳಲ್ಲಿ ಅನಿಲ ಒಮ್ಮೆಲೇ ನುಗ್ಗಬಹುದು. ಆದ್ದರಿಂದ ನೀರು ಬಿಡುವ ವೇಳೆ, ರಾತ್ರಿ ಪಾಳಿ ಮತ್ತು ತೊಟ್ಟಿ ತೊಳೆಯುವ ದಿನಗಳನ್ನು ಆಯ್ದು ನೋಡಬೇಕಾಗುತ್ತದೆ.

ಕೊಳೆತ ಮೊಟ್ಟೆಯ ವಾಸನೆ ಈ ಅನಿಲದ ಪರಿಚಿತ ಲಕ್ಷಣ. ಆದರೆ ಮೂಗನ್ನು ಅಳತೆಗೋಲಾಗಿ ಬಳಸುವಂತಿಲ್ಲ. 1 ಪಿಪಿಎಂಗಿಂತ ಬಹಳ ಕಡಿಮೆ ಇದ್ದಾಗಲೂ ವಾಸನೆ ತಿಳಿಯುತ್ತದೆ. 100 ಪಿಪಿಎಂ ಸುಮಾರಿಗೆ ಕೆಲವೇ ನಿಮಿಷಗಳಲ್ಲಿ ಘ್ರಾಣಶಕ್ತಿ ಕುಂದುತ್ತದೆ. ಆಗ ವಾಸನೆ ನಿಂತಿತೆಂದು ಭಾವಿಸಿದವನು ಹೆಚ್ಚು ಅಪಾಯದಲ್ಲಿರುತ್ತಾನೆ. ಹಾಗಾಗಿ ಇತರ ಕುರುಹುಗಳಿಗೆ ಗಮನ ಕೊಡಬೇಕಾಗುತ್ತದೆ: ವಿದ್ಯುತ್ ಸ್ವಿಚ್ಚುಗಳ ತಾಮ್ರದ ಭಾಗಗಳು ಬೇಗ ಕಪ್ಪಾಗುವುದು, ಬೆಳ್ಳಿಯ ಆಭರಣ ಮಸುಕಾಗುವುದು, ಒಂದೇ ವಿಭಾಗದ ಹಲವರು ಕಣ್ಣುರಿ ಮತ್ತು ತಲೆನೋವನ್ನು ಹೇಳುವುದು.

ಸುಲಭವಾಗಿ ಕಣ್ತಪ್ಪುವ ಮೂಲವೆಂದರೆ ತ್ಯಾಜ್ಯ ನೀರಿನ ತೊಟ್ಟಿಯ ಕೆಸರು. ಸಲ್ಫೈಡ್ ಸುರಿಯದ ತೊಟ್ಟಿಯಲ್ಲಿಯೂ ಅನಿಲ ಹುಟ್ಟಬಲ್ಲದು. ಗಂಧಕಾಮ್ಲ, ಅಮೋನಿಯಂ ಸಲ್ಫೇಟ್ ಮತ್ತು ಕ್ರೋಮಿಯಂ ಸಲ್ಫೇಟ್‌ಗಳಿಂದ ಬಂದ ಸಲ್ಫೇಟನ್ನು ಆಮ್ಲಜನಕವಿಲ್ಲದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಸಲ್ಫೈಡ್ ಆಗಿ ಪರಿವರ್ತಿಸುತ್ತವೆ. ರಜೆಯ ದಿನಗಳಲ್ಲಿ ಕದಡದೆ ನಿಂತ ಕೆಸರಿನಲ್ಲಿ ಅನಿಲ ಸಂಗ್ರಹವಾಗಿ, ಸಲಿಕೆ ಹಾಕಿದೊಡನೆ ಹೊರಬರುತ್ತದೆ. ಇದು ಗಾಳಿಗಿಂತ ತುಸು ಭಾರವಾದ ಕಾರಣ ತೊಟ್ಟಿಯ ತಳದಲ್ಲಿ ನಿಲ್ಲುತ್ತದೆ. ಇಂತಹ ತೊಟ್ಟಿಗಳನ್ನು ತೊಳೆಯುವವರು ಅನೇಕ ಕಡೆ ಗುತ್ತಿಗೆ ಕಾರ್ಮಿಕರಾಗಿದ್ದು ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಕಾಣಿಸುವುದಿಲ್ಲ. ಕಾಯಂ ನೌಕರರ ಪಟ್ಟಿಯನ್ನಷ್ಟೇ ನೋಡಿ ಮಾಡಿದ ಸಮೀಕ್ಷೆಯು ಅತಿ ಹೆಚ್ಚು ಒಡ್ಡಿಕೊಳ್ಳುವವರನ್ನೇ ಬಿಟ್ಟುಬಿಡುತ್ತದೆ.

## ಮೌಲ್ಯಮಾಪನ

ಮೌಲ್ಯಮಾಪನವು ಒಡ್ಡಿಕೆಯನ್ನು ಅಳೆದು ಮಿತಿಯೊಂದಿಗೆ ಹೋಲಿಸುವ ಹಂತವಾಗಿದೆ. ಭಾರತದ 1948ರ ಕಾರ್ಖಾನೆಗಳ ಕಾಯಿದೆಯ ಎರಡನೆಯ ಅನುಸೂಚಿಯು ಹೈಡ್ರೋಜನ್ ಸಲ್ಫೈಡ್‌ಗೆ 8 ಗಂಟೆಗಳ ಸರಾಸರಿ ಮಿತಿಯನ್ನು 10 ಪಿಪಿಎಂ ಎಂದೂ 15 ನಿಮಿಷಗಳ ಅಲ್ಪಾವಧಿ ಮಿತಿಯನ್ನು 15 ಪಿಪಿಎಂ ಎಂದೂ ನಿಗದಿಪಡಿಸಿತು. ಅಮೆರಿಕದ ಸರ್ಕಾರಿ ಔದ್ಯೋಗಿಕ ನೈರ್ಮಲ್ಯ ತಜ್ಞರ ಸಮ್ಮೇಳನವು ಸೂಚಿಸಿರುವ ಮೌಲ್ಯಗಳು ಇನ್ನೂ ಕಡಿಮೆಯಿದ್ದು ಕ್ರಮವಾಗಿ 1 ಮತ್ತು 5 ಪಿಪಿಎಂ ಆಗಿವೆ.

ಎರಡು ಬಗೆಯ ಮಿತಿ ಏಕೆ ಬೇಕೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಡ್ರಮ್ಮು ನೋಡಿಕೊಳ್ಳುವ ಕಾರ್ಮಿಕನೊಬ್ಬನು 480 ನಿಮಿಷಗಳ ಪಾಳಿಯಲ್ಲಿ 470 ನಿಮಿಷ 2 ಪಿಪಿಎಂ ಮಟ್ಟದಲ್ಲಿಯೂ ನೀರು ಬಿಡುವ 10 ನಿಮಿಷ 90 ಪಿಪಿಎಂ ಮಟ್ಟದಲ್ಲಿಯೂ ಇದ್ದನೆಂದು ಭಾವಿಸೋಣ. ಆಗ ದಿನದ ಸರಾಸರಿ ಹೀಗಾಗುತ್ತದೆ:

(470 × 2 + 10 × 90) ÷ 480 = 3.8 ಪಿಪಿಎಂ

ಇದು 10 ಪಿಪಿಎಂ ಮಿತಿಯೊಳಗಿದೆ. ಆದರೆ ನೀರು ಬಿಡುವ ಹೊತ್ತನ್ನು ಒಳಗೊಂಡ 15 ನಿಮಿಷಗಳನ್ನು ಮಾತ್ರ ತೆಗೆದುಕೊಂಡರೆ:

(10 × 90 + 5 × 2) ÷ 15 = 60.7 ಪಿಪಿಎಂ

ಇದು ಅಲ್ಪಾವಧಿ ಮಿತಿಯ ನಾಲ್ಕು ಪಟ್ಟು. ದಿನವಿಡೀ ಗಾಳಿಯನ್ನು ಸಂಗ್ರಹಿಸಿ ಒಂದೇ ಸಂಖ್ಯೆ ನೀಡುವ ವಿಧಾನವು ಈ ಏರಿಕೆಯನ್ನು ಮರೆಮಾಡುತ್ತದೆ. ಆದ್ದರಿಂದ ಕಾರ್ಮಿಕನ ಅಂಗಿಯ ಕಾಲರಿನ ಬಳಿ, ಉಸಿರಾಟದ ವಲಯದಲ್ಲಿ, ಕ್ಷಣಕ್ಷಣದ ಮಟ್ಟವನ್ನು ದಾಖಲಿಸುವ ಅನಿಲ ಮಾಪಕವನ್ನು ಸಿಕ್ಕಿಸಲಾಗುತ್ತದೆ. ಗೋಡೆಗೆ ತೂಗುಹಾಕಿದ ಮಾಪಕವು ಡ್ರಮ್ಮಿನ ಬಾಗಿಲಿಗೆ ಬಾಗಿ ನಿಂತವನ ಒಡ್ಡಿಕೆಯನ್ನು ತೋರಿಸದು. ಗೊತ್ತಾದ ಪ್ರಮಾಣದ ಅನಿಲದಿಂದ ಆಗಾಗ ಪರೀಕ್ಷಿಸದ ಮಾಪಕವು ಸೊನ್ನೆ ತೋರಿಸಿದರೂ ಗಾಳಿ ಶುದ್ಧವಾಗಿದೆ ಎಂದು ಹೇಳಲಾಗದು.

ಎಲ್ಲ ಅಪಾಯಗಳಿಗೂ ಇದೇ ವಿಧಾನ ಹೊಂದುವುದಿಲ್ಲ. ಚರ್ಮ ಉಜ್ಜುವ ಯಂತ್ರದಿಂದ ಏಳುವ ಧೂಳು ವರ್ಷಗಳ ಕಾಲ ಸಂಚಿತವಾಗಿ ಹಾನಿ ಮಾಡುತ್ತದೆ. ಚರ್ಮದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿನಲ್ಲಿ ಸೇರಿಸಿದೆ. ಅದನ್ನು ಅಳೆಯಲು ಸಣ್ಣ ಪಂಪಿನ ಮೂಲಕ ಗಾಳಿಯನ್ನು ಶೋಧಕದೊಳಗೆ ಎಳೆದು, ಪಾಳಿಯ ಕೊನೆಗೆ ಶೋಧಕದ ತೂಕ ನೋಡುವ ವಿಧಾನವೇ ಸೂಕ್ತವಾಗಿದೆ.

## ನಿಯಂತ್ರಣ

ನಿಯಂತ್ರಣ ಕ್ರಮಗಳನ್ನು ಅಪಾಯದ ಮೂಲದಿಂದ ಆರಂಭಿಸಿ ಕಾರ್ಮಿಕನ ಕಡೆಗೆ ಆಯ್ದುಕೊಳ್ಳಲಾಗುತ್ತದೆ. ಕಿಣ್ವಗಳ ನೆರವಿನಿಂದ ಕೂದಲು ತೆಗೆದು ಸಲ್ಫೈಡ್ ಬಳಕೆಯನ್ನು ಇಳಿಸುವುದು ಮೂಲದಲ್ಲಿಯೇ ಕೈಗೊಳ್ಳುವ ಕ್ರಮ. ಅದು ಸಾಧ್ಯವಾಗದೆಡೆ ತೊಗಲನ್ನು ಚೆನ್ನಾಗಿ ತೊಳೆದು, ಉಳಿದ ಸಲ್ಫೈಡನ್ನು ಆಮ್ಲ ಸೇರಿಸುವ ಮೊದಲು ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಉತ್ಕರ್ಷಿಸಬಹುದು. ತ್ಯಾಜ್ಯ ನೀರಿನ ಸಲ್ಫೈಡನ್ನು ಮ್ಯಾಂಗನೀಸ್ ಸಲ್ಫೇಟ್ ಬೆರೆಸಿ ಗಾಳಿ ಹಾಯಿಸುವ ಮೂಲಕ ಉತ್ಕರ್ಷಿಸಲಾಗುತ್ತದೆ. ಸುಣ್ಣದ ನೀರಿಗೂ ಆಮ್ಲ ಮತ್ತು ಕ್ರೋಮಿಯಂ ನೀರಿಗೂ ಪ್ರತ್ಯೇಕ ಚರಂಡಿಗಳಿರಬೇಕು. ಡ್ರಮ್ಮಿನ ಅನಿಲವನ್ನು ಕೊಳವೆಯ ಮೂಲಕ ಎಳೆದು ಹೊರಗೆ ಒಯ್ಯುವ ವ್ಯವಸ್ಥೆ ಮುಂದಿನ ಹೆಜ್ಜೆಯಾಗಿದೆ.

ತೊಟ್ಟಿಗೆ ಮನುಷ್ಯರು ಇಳಿಯದಂತೆ ಯಂತ್ರದಿಂದ ಕೆಸರು ತೆಗೆಯುವುದು ಉತ್ತಮ. ಇಳಿಯುವುದು ಅನಿವಾರ್ಯವಾದರೆ ಲಿಖಿತ ಅನುಮತಿ, ಮೇಲ್ಭಾಗ, ನಡು ಮತ್ತು ತಳದ ಗಾಳಿಯ ಪರೀಕ್ಷೆ, ನಿರಂತರ ಗಾಳಿ ಪೂರೈಕೆ, ಪೂರ್ಣ ದೇಹದ ರಕ್ಷಣಾ ಪಟ್ಟಿಗೆ ಬಿಗಿದ ಹಗ್ಗ ಮತ್ತು ಹೊರಗೆ ಕಾವಲಿರುವ ವ್ಯಕ್ತಿ ಅಗತ್ಯ. ಕಾರ್ಖಾನೆಗಳ ಕಾಯಿದೆಯ 36ನೆಯ ಸೆಕ್ಷನ್ ಇಂತಹ ಸ್ಥಳಗಳ ಪ್ರವೇಶಕ್ಕೆ ಸಂಬಂಧಿಸಿತ್ತು. ಮೊದಲು ಇಳಿದವನು ಕುಸಿದಾಗ ಅವನನ್ನು ಎತ್ತಲು ಒಬ್ಬರ ಹಿಂದೊಬ್ಬರು ಇಳಿದು ಸಾಯುವುದು ಇಂತಹ ದುರಂತಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಹೊರಗಿನಿಂದಲೇ ಹಗ್ಗ ಸುತ್ತಿ ಮೇಲೆತ್ತುವ ರಾಟೆಯನ್ನು ಮೊದಲೇ ಸಜ್ಜುಗೊಳಿಸುವುದು ಇದೇ ಕಾರಣಕ್ಕೆ. ಮುಖಕ್ಕೆ ಕಟ್ಟಿದ ಬಟ್ಟೆ ಅನಿಲವನ್ನು ತಡೆಯದು. ಗಾಳಿಯನ್ನು ಶೋಧಿಸುವ ಮುಖವಾಡವು ಆಮ್ಲಜನಕದ ಕೊರತೆಯಿರುವ ಅಥವಾ ಅನಿಲದ ಮಟ್ಟ ತಿಳಿಯದ ತೊಟ್ಟಿಗೆ ಸಲ್ಲದು. ಅಲ್ಲಿ ಗಾಳಿಯ ಸಿಲಿಂಡರ್ ಹೊಂದಿದ ಉಸಿರಾಟದ ಸಾಧನ ಬೇಕಾಗುತ್ತದೆ.

## ಚಕ್ರದ ಪುನರಾವರ್ತನೆ

ನಿಯಂತ್ರಣ ಕ್ರಮವೂ ಹೊಸ ಅಪಾಯ ತರಬಹುದು. ಅಮೋನಿಯಂ ಲವಣದ ಬದಲು ಇಂಗಾಲದ ಡೈಆಕ್ಸೈಡ್‌ನಿಂದ ಸುಣ್ಣ ತೆಗೆದರೆ ಅಮೋನಿಯಾ ಕಡಿಮೆಯಾಗುತ್ತದೆ. ಆದರೆ ಪಿಎಚ್ ಇನ್ನಷ್ಟು ಕೆಳಗಿಳಿದು, ಉಳಿದ ಸಲ್ಫೈಡ್ ಹೆಚ್ಚು ಅನಿಲವಾಗಿ ಹೊರಬರಬಹುದು. ಅದನ್ನು ತಡೆಯಲು ತಂದ ಪೆರಾಕ್ಸೈಡ್ ಚರ್ಮವನ್ನು ಸುಡಬಲ್ಲ ಪ್ರಬಲ ಉತ್ಕರ್ಷಕವಾಗಿದ್ದು ಅದರ ದಾಸ್ತಾನಿಗೂ ಎಚ್ಚರ ಬೇಕಾಗುತ್ತದೆ. ಆದ್ದರಿಂದ ಬದಲಾವಣೆಯನ್ನು ಜಾರಿಗೆ ತರುವ ಮೊದಲು ಹೊಸ ರಾಸಾಯನಿಕ ಕ್ರಿಯೆಯನ್ನು ಕಾಗದದ ಮೇಲೆ ಪರಿಶೀಲಿಸಿ, ಜಾರಿಗೆ ಬಂದ ನಂತರ ನೀರು ಬಿಡುವ ಅದೇ ಹತ್ತು ನಿಮಿಷಗಳಲ್ಲಿ, ಅದೇ ಉಸಿರಾಟದ ವಲಯದಲ್ಲಿ ಮತ್ತೆ ಅಳೆಯಲಾಗುತ್ತದೆ. ಹಿಂದಿನ ಮತ್ತು ಈಗಿನ ದಾಖಲೆಗಳ ಹೋಲಿಕೆಯಿಂದ ನಿಯಂತ್ರಣ ಫಲಿಸಿದೆಯೇ ಎಂಬುದು ತಿಳಿಯುತ್ತದೆ.