ಹೆರಿಗೆಯ ನಂತರದ ಗರ್ಭನಿರೋಧ: ಹಾಲೂಡಿಕೆಯ ರಕ್ಷಣೆ ಮತ್ತು ಅದರ ಮಿತಿ

ಮಗುವಿಗೆ ಎದೆಹಾಲು ಮಾತ್ರ ಕುಡಿಸುತ್ತಿರುವ ಬಾಣಂತಿಗೆ ಮುಟ್ಟು ನಿಂತಿರುವ ಅವಧಿಯಲ್ಲಿ ದೊರೆಯುವ ತಾತ್ಕಾಲಿಕ ಗರ್ಭನಿರೋಧವನ್ನು ‘ಲ್ಯಾಮ್’ ವಿಧಾನ ಎನ್ನುತ್ತಾರೆ. ಷರತ್ತುಗಳೆಲ್ಲ ಕೂಡಿದ್ದರೆ ಇದು ಶೇ. 98ಕ್ಕೂ ಹೆಚ್ಚು ರಕ್ಷಣೆ ಕೊಡುತ್ತದೆ ಎಂದು 1988ರಲ್ಲಿ ಇಟಲಿಯ ಬೆಲಾಜಿಯೊದಲ್ಲಿ ಸೇರಿದ ತಜ್ಞರು ಒಮ್ಮತಕ್ಕೆ ಬಂದರು.

ಮೂರು ಷರತ್ತುಗಳು

ಮೊದಲನೆಯದು, ಮುಟ್ಟು ಮರಳಿರಬಾರದು. ಹೆರಿಗೆಯ ನಂತರದ ಮೊದಲ ಎಂಟು ವಾರಗಳ ಸ್ರಾವವನ್ನು ಮುಟ್ಟೆಂದು ಎಣಿಸುವುದಿಲ್ಲ. ಅದರ ನಂತರ ಎರಡು ದಿನ ರಕ್ತ ಕಂಡರೂ ಮುಟ್ಟು ಬಂದಂತೆಯೇ. ಎರಡನೆಯದು, ಮಗುವಿಗೆ ಎದೆಹಾಲೇ ಆಹಾರವಾಗಿರಬೇಕು. ಹಗಲು ನಾಲ್ಕು ಗಂಟೆ, ರಾತ್ರಿ ಆರು ಗಂಟೆ ಮೀರಿ ಅಂತರ ಬೀಳಬಾರದು. ಮೂರನೆಯದು, ಮಗುವಿಗೆ ಆರು ತಿಂಗಳು ತುಂಬಿರಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಅಂದಿನಿಂದಲೇ ಬೇರೆ ವಿಧಾನ ಬೇಕು.

ಮಗು ಮೊಲೆ ಚೀಪಿದಾಗ ಹೊರಡುವ ನರಸಂದೇಶ ಮಿದುಳಿನಿಂದ ಅಂಡಾಶಯಕ್ಕೆ ಹೋಗುವ ಹಾರ್ಮೋನು ಪ್ರೇರಣೆಯನ್ನು ತಗ್ಗಿಸುತ್ತದೆ, ಅಂಡ ಬಿಡುಗಡೆಯಾಗುವುದಿಲ್ಲ. ಚೀಪುವುದು ವಿರಳವಾದರೆ ಈ ತಡೆ ಸಡಿಲಗೊಳ್ಳುತ್ತದೆ. ಸಕ್ಕರೆ ನೀರು, ಹಸುವಿನ ಹಾಲು, ಪುಡಿಹಾಲು ಕೊಟ್ಟಷ್ಟೂ ಮಗು ಎದೆ ಕಚ್ಚುವುದು ಕಡಿಮೆಯಾಗುತ್ತದೆ. ಮುಟ್ಟು ಬರುವ ಮೊದಲೇ ಅಂಡ ಬಿಡುಗಡೆಯಾಗಬಹುದಾದ್ದರಿಂದ, ‘ಮುಟ್ಟು ಬಂದ ಮೇಲೆ ನೋಡೋಣ’ ಎಂದು ಕಾದವರು ನಡುವೆ ಮುಟ್ಟೇ ಕಾಣದೆ ಮತ್ತೆ ಬಸಿರಾಗುವುದುಂಟು.

ಕೆಲಸಕ್ಕೆ ಮರಳುವ ತಾಯಿ

ಬೆಂಗಳೂರಿನ ದೊಡ್ಡನೆಕ್ಕುಂದಿಯಂಥ ಕಡೆ, ಐಟಿ ಕಚೇರಿ, ಕಾರ್ಖಾನೆಗಳಿಗೆ ಹೋಗುವ ತಾಯಂದಿರಿಗೆ ಎರಡನೆಯ ಷರತ್ತೇ ಮೊದಲು ತಪ್ಪುವಂಥದ್ದು. ಕಾನೂನಿನಂತೆ ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆ 26 ವಾರ. ಇದರಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮುನ್ನ ಪಡೆಯಬಹುದು. ಎಂಟೂ ವಾರ ಮೊದಲೇ ಬಳಸಿದವರಿಗೆ ಹೆರಿಗೆಯ ನಂತರ ಉಳಿಯುವುದು 18 ವಾರ. ಅಂದರೆ ಮಗುವಿಗೆ ನಾಲ್ಕು ತಿಂಗಳು ದಾಟುತ್ತಿದ್ದಂತೆ ರಜೆ ಮುಗಿಯುತ್ತದೆ. ಬೆಳಗ್ಗೆ ಎಂಟೂವರೆಗೆ ಮನೆ ಬಿಟ್ಟು, ಹೊರವರ್ತುಲ ರಸ್ತೆಯ ದಟ್ಟಣೆ ದಾಟಿ ಸಂಜೆ ಏಳಕ್ಕೆ ಮರಳಿದರೆ ಅಂತರ ಹತ್ತೂವರೆ ಗಂಟೆ.

ಎದೆಹಾಲನ್ನು ಹಿಂಡಿಟ್ಟು ಮಗುವಿಗೆ ಕುಡಿಸಿದರೆ ಪೋಷಣೆ ನಡೆಯುತ್ತದೆ, ಆದರೆ ಪಂಪು ಅಥವಾ ಕೈ ಮಗುವಿನ ಚೀಪುವಿಕೆಗೆ ಪೂರ್ತಿ ಸಮವಲ್ಲ. ಚಿಲಿಯಲ್ಲಿ ಹಾಲು ಹಿಂಡುತ್ತ ಉದ್ಯೋಗ ಮಾಡುತ್ತಿದ್ದ ತಾಯಂದಿರನ್ನು ಗಮನಿಸಿದ ಅಧ್ಯಯನದಲ್ಲಿ ಆರು ತಿಂಗಳೊಳಗೆ ಸುಮಾರು ಶೇ. 5ರಷ್ಟು ಮಂದಿ ಗರ್ಭ ಧರಿಸಿದರು. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಬಹುದು ಎಂದು ಅದೇ ಕಾನೂನು ಹೇಳುತ್ತದೆ. ಮಗು ಅಲ್ಲಿದ್ದು, ತಾಯಿ ಹೋಗಿ ಮೊಲೆಯೂಡಿಸಿದರೆ ಅಂತರವನ್ನು ಮಿತಿಯಲ್ಲಿಡಬಹುದು. ಇಲ್ಲದಿದ್ದರೆ ಕೆಲಸಕ್ಕೆ ಸೇರುವ ಮೊದಲೇ ಇನ್ನೊಂದು ವಿಧಾನ ಶುರುಮಾಡಬೇಕು. ಷರತ್ತುಗಳು ಅಲ್ಲಿಯತನಕ ಸರಿಯಾಗಿದ್ದರೆ ಆಕೆ ಬಸಿರಾಗಿಲ್ಲ ಎಂಬುದಕ್ಕೆ ಅದೇ ಸಾಕಷ್ಟು ಆಧಾರ, ಮುಟ್ಟಿಗಾಗಿ ಕಾಯಬೇಕಿಲ್ಲ.

ಯಾವುದು, ಯಾವಾಗ

*ವಂಕಿ (ಕಾಪರ್-ಟಿ):* ಹೆರಿಗೆಯಾದ 48 ಗಂಟೆಯೊಳಗೆ ಅಥವಾ ಆರು ವಾರದ ನಂತರ ಹಾಕಬಹುದು. ಹಾರ್ಮೋನಿಲ್ಲದ್ದರಿಂದ ಹಾಲಿನ ಮೇಲೆ ಪರಿಣಾಮವಿಲ್ಲ. ಹೆರಿಗೆಯಾದ ಕೂಡಲೇ ಹಾಕಿದ ವಂಕಿ ಜಾರಿಬೀಳುವ ಸಂಭವ ಸ್ವಲ್ಪ ಹೆಚ್ಚಾದ್ದರಿಂದ ಆರು ವಾರಕ್ಕೆ ತಪಾಸಣೆ ಬೇಕು. ಇದನ್ನು ಬಯಸುವವರು ಬಸಿರಿನ ತಪಾಸಣೆಗಳಲ್ಲೇ ತಿಳಿಸಿಡುವುದು ಒಳ್ಳೆಯದು.

*ಛಾಯಾ ಮಾತ್ರೆ:* ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ, ಸ್ಟಿರಾಯ್ಡ್ ಹಾರ್ಮೋನಿಲ್ಲದ ಮಾತ್ರೆ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಹಾಲೂಡಿಸುವವರೂ ತೆಗೆದುಕೊಳ್ಳಬಹುದು. ಮುಟ್ಟು ತಡವಾಗಬಹುದು.

*ಅಂತರಾ ಚುಚ್ಚುಮದ್ದು:* ಮೂರು ತಿಂಗಳಿಗೊಮ್ಮೆ. ಹಾಲೂಡಿಸುವವರಿಗೆ ಹೆರಿಗೆಯ ಆರು ವಾರದ ನಂತರ. ಅನಿಯಮಿತ ಸ್ರಾವ ಸಾಮಾನ್ಯ. ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಹಲವು ತಿಂಗಳು ಹಿಡಿಯಬಹುದು.

*ಮಾಲಾ-ಎನ್:* ಈಸ್ಟ್ರೊಜೆನ್ ಸೇರಿರುವ ಮಾತ್ರೆ. ಹಾಲು ಕಡಿಮೆಯಾಗಬಹುದೆಂಬ ಕಾರಣಕ್ಕೆ ಹಾಲೂಡಿಸುವವರು ಆರು ತಿಂಗಳವರೆಗೆ ತೆಗೆದುಕೊಳ್ಳಬಾರದು. ಹೆರಿಗೆಯ ನಂತರದ ಮೊದಲ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ.

*ಸಂತಾನಹರಣ ಶಸ್ತ್ರಚಿಕಿತ್ಸೆ:* ಇನ್ನು ಮಕ್ಕಳು ಬೇಡವೆಂದು ನಿಶ್ಚಯಿಸಿದವರಿಗೆ ಹೆರಿಗೆಯ ಏಳು ದಿನದೊಳಗೆ ಅಥವಾ ಆರು ವಾರದ ನಂತರ.

ಷರತ್ತು ತಪ್ಪಿದಾಗ

ಮಗು ರಾತ್ರಿಯಿಡೀ ಮಲಗತೊಡಗಿದರೆ, ಕಾಯಿಲೆ ಬಿದ್ದು ಹಾಲು ಕುಡಿಯದಿದ್ದರೆ, ಪುಡಿಹಾಲು ಶುರುವಾದರೆ ಅಂದಿನಿಂದಲೇ ನಿರೋಧ್ ಬಳಸಿ, ಬೇರೆ ವಿಧಾನಕ್ಕಾಗಿ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಅಷ್ಟರಲ್ಲಿ ರಕ್ಷಣೆಯಿಲ್ಲದ ಸಂಪರ್ಕವಾಗಿದ್ದರೆ 72 ಗಂಟೆಯೊಳಗೆ ತುರ್ತು ಗರ್ಭನಿರೋಧಕ ಮಾತ್ರೆ ನುಂಗಬಹುದು, ಹಾಲೂಡಿಸುವುದನ್ನು ನಿಲ್ಲಿಸಬೇಕಿಲ್ಲ. ಮೂರು ವಾರದ ಮೇಲೆ ಮೂತ್ರ ಪರೀಕ್ಷೆ ಮಾಡಿದರೆ ಗರ್ಭ ನಿಂತಿದೆಯೋ ಇಲ್ಲವೋ ತಿಳಿಯುತ್ತದೆ. ಮುಟ್ಟು ಇನ್ನೂ ಬಂದಿಲ್ಲದ ತಾಯಿಗೆ ಈ ಪರೀಕ್ಷೆಯೇ ದಾರಿ, ಏಕೆಂದರೆ ತಿಂಗಳು ತಪ್ಪಿದ್ದು ಆಕೆಗೆ ಗೊತ್ತಾಗುವುದಿಲ್ಲ.